ಟಿವಿಗೆ ಕಾಸ್ಟ್ ಮಾಡಲು ಒಂದೇ ವೈಫೈ ಏಕೆ? ಅತಿಥಿಯ ಫೋನಿಗೆ ದಾರಿ ಯಾವುದು?

ಫೋನಿನಲ್ಲಿ ನೋಡುತ್ತಿರುವ ವಿಡಿಯೊವನ್ನು ಟಿವಿಗೆ ಕಾಸ್ಟ್ ಮಾಡಿದಾಗ ಫೋನು ಆ ವಿಡಿಯೊವನ್ನು ಟಿವಿಗೆ ಸಾಗಿಸುವುದಿಲ್ಲ. ಅದು ಕೊಡುವುದು ಒಂದು ಸಣ್ಣ ಸೂಚನೆ ಮಾತ್ರ: ಇಂಥ ಆ್ಯಪ್ ತೆರೆ, ಅದರಲ್ಲಿ ಇಂಥ ವಿಡಿಯೊ ಹಾಕು, ಹನ್ನೆರಡನೇ ನಿಮಿಷದಿಂದ ಶುರು ಮಾಡು. ಉಳಿದ ಕೆಲಸವೆಲ್ಲ ಟಿವಿಯದು. ಅದು ತಾನೇ ಇಂಟರ್ನೆಟ್‌ಗೆ ಹೋಗಿ, ವಿಡಿಯೊ ಇರುವ ಸರ್ವರ್‌ನಿಂದ ನೇರವಾಗಿ ತರಿಸಿಕೊಂಡು ತೋರಿಸುತ್ತದೆ. ಹಾಗಾಗಿಯೇ ನಡುವೆ ಫೋನಿನ ಪರದೆ ಆರಿದರೂ, ಕರೆ ಬಂದು ಮಾತಿಗೆ ಕೂತರೂ ಟಿವಿಯಲ್ಲಿ ಸಿನಿಮಾ ನಿಲ್ಲುವುದಿಲ್ಲ. ಗೂಗಲ್ 2013ರ ಜುಲೈಯಲ್ಲಿ 35 ಡಾಲರ್ ಬೆಲೆಗೆ ಬಿಡುಗಡೆ ಮಾಡಿದ ಕ್ರೋಮ್‌ಕಾಸ್ಟ್ ಎಂಬ ಪುಟ್ಟ ಉಪಕರಣ ಈ ಪದ್ಧತಿಯನ್ನು ಮನೆಮನೆಗೆ ತಂದಿತು. ಈಗ ಅದೇ ವ್ಯವಸ್ಥೆ ಅನೇಕ ಟಿವಿಗಳ ಒಳಗೇ ಸೇರಿಕೊಂಡು ಬರುತ್ತದೆ.

ಇಲ್ಲೊಂದು ಪ್ರಶ್ನೆ ಸಹಜವಾಗಿ ಏಳುತ್ತದೆ. ಟಿವಿಗೆ ಇಂಟರ್ನೆಟ್ ಇದೆ, ಫೋನಿಗೂ ಇಂಟರ್ನೆಟ್ ಇದೆ, ವಿಡಿಯೊ ಫೋನಿನ ಮೂಲಕ ಹೋಗುವುದೂ ಇಲ್ಲ. ಅಂದ ಮೇಲೆ ಇಬ್ಬರೂ ಒಂದೇ ವೈಫೈಯಲ್ಲಿ ಇರಲೇಬೇಕೆಂಬ ಹಟ ಏಕೆ? ಮೊಬೈಲ್ ಡೇಟಾದಲ್ಲಿರುವ ಫೋನು ಎದುರಿಗೇ ಇರುವ ಟಿವಿಗೆ ಒಂದು ಸಣ್ಣ ಸೂಚನೆ ಮುಟ್ಟಿಸಲಾರದೇಕೆ?

ಉತ್ತರ ಮನೆಯ ಉಪಕರಣಗಳಿಗೆ ಸಿಗುವ ವಿಳಾಸದಲ್ಲಿದೆ. ಬ್ರಾಡ್‌ಬ್ಯಾಂಡ್ ಕಂಪನಿ ಸಾಮಾನ್ಯವಾಗಿ ಇಡೀ ಮನೆಗೆ ಒಂದೇ ಹೊರವಿಳಾಸ ಕೊಡುತ್ತದೆ. ಎಷ್ಟೋ ಕಡೆ ಹಲವು ಮನೆಗಳು ಸೇರಿ ಒಂದನ್ನು ಹಂಚಿಕೊಂಡಿರುವುದೂ ಉಂಟು. ಮನೆಯೊಳಗಿನ ಫೋನು, ಟಿವಿ, ಲ್ಯಾಪ್‌ಟಾಪ್‌ಗಳಿಗೆ ರೌಟರ್ ತನ್ನದೇ ಒಳವಿಳಾಸಗಳನ್ನು ಹಂಚುತ್ತದೆ. ಅವು 192.168.1.23 ಎನ್ನುವ ಬಗೆಯವು. ಈ ಸಂಖ್ಯೆಗಳು ಖಾಸಗಿ ಬಳಕೆಗೆಂದೇ ಮೀಸಲಾದವು, ಯಾವ ಮನೆಯವರು ಬೇಕಾದರೂ ಬಳಸಬಹುದು. ಮೈಸೂರಿನ ಒಂದು ಮನೆಯ ಟಿವಿಗೆ ಇರುವ ವಿಳಾಸವೇ ಅದೇ ಹೊತ್ತಿಗೆ ಹುಬ್ಬಳ್ಳಿಯ ಒಂದು ಮನೆಯ ಪ್ರಿಂಟರ್‌ಗೂ ಇರಬಹುದು. ಹೊರಗಿನ ಇಂಟರ್ನೆಟ್‌ನಲ್ಲಿ ಅದಕ್ಕೆ ಅರ್ಥವೇ ಇಲ್ಲ. ಮೊಬೈಲ್ ಕಂಪನಿಯ ಟವರ್ ಮೂಲಕ ಹೊರಟ ಸೂಚನೆಯೊಂದು ಆ ಸಂಖ್ಯೆ ಹಿಡಿದುಕೊಂಡು ಯಾವ ಮನೆಗೂ ಹೋಗಲಾರದು.

ಹೋದರೂ ಬಾಗಿಲು ತೆರೆಯದು. ಒಳಗಿನಿಂದ ಹೊರಟ ಕೋರಿಕೆಗೆ ಬಂದ ಉತ್ತರವನ್ನು ರೌಟರ್ ಒಳಗೆ ಬಿಡುತ್ತದೆ. ಯಾರೂ ಕೇಳದೆ ಹೊರಗಿನಿಂದ ತಾನಾಗಿ ಬಂದದ್ದನ್ನು ತಿರಸ್ಕರಿಸುತ್ತದೆ. ಟಿವಿ ಇಂಟರ್ನೆಟ್ ಅನ್ನು ಮುಟ್ಟಬಲ್ಲದು, ಇಂಟರ್ನೆಟ್ ಟಿವಿಯನ್ನು ಮುಟ್ಟಲಾರದು. ಎದುರಿಗೇ ಕೂತಿದ್ದರೂ ಮೊಬೈಲ್ ಡೇಟಾದಲ್ಲಿರುವ ಫೋನು, ನೆಟ್‌ವರ್ಕಿನ ಲೆಕ್ಕದಲ್ಲಿ, ಹೊರಗಿನದೇ.

ಅದೇ ಫೋನು ಮನೆಯ ವೈಫೈಗೆ ಸೇರಿಕೊಂಡಿತೆನ್ನಿ. ಈಗ ಅದಕ್ಕೂ 192.168.1ರಿಂದ ಶುರುವಾಗುವ ವಿಳಾಸ ಸಿಗುತ್ತದೆ, ಟಿವಿಯನ್ನು ನೇರವಾಗಿ ಮಾತಾಡಿಸಬಹುದು. ಆದರೆ ಟಿವಿಯ ವಿಳಾಸ ಯಾವುದೆಂದು ಅದಕ್ಕೆ ತಿಳಿಯುವುದು ಹೇಗೆ? ಮನೆಯಲ್ಲಿ ಯಾರೂ ಅದನ್ನು ಬೆರಳಚ್ಚಿಸುವುದಿಲ್ಲ. ರೌಟರ್ ಆ ವಿಳಾಸವನ್ನು ಆಗಾಗ ಬದಲಿಸುವುದೂ ಉಂಟು.

ಫೋನು ಇದಕ್ಕೆ ಕಂಡುಕೊಂಡಿರುವ ಉಪಾಯ ಕೂಗಿ ಕೇಳುವುದು. ಯಾರ ಮನೆ ಯಾವುದೆಂದು ತಿಳಿಯದವನು ವಠಾರದ ನಡುವೆ ನಿಂತು ಹೆಸರು ಹಿಡಿದು ಕರೆದಂತೆ, ಅದು ನೆಟ್‌ವರ್ಕಿನಲ್ಲಿರುವ ಎಲ್ಲರಿಗೂ ಕೇಳುವ ಹಾಗೆ ಒಂದು ಪ್ರಶ್ನೆ ಹೊರಡಿಸುತ್ತದೆ. ಈ ಪದ್ಧತಿಯ ಹೆಸರು ಎಂಡಿಎನ್‌ಎಸ್. ಪ್ರಶ್ನೆ ಹೋಗುವುದು 224.0.0.251 ಎಂಬ ವಿಶೇಷ ವಿಳಾಸಕ್ಕೆ. ಅದು ಯಾವುದೇ ಒಂದು ಉಪಕರಣದ ವಿಳಾಸವಲ್ಲ, ಕಿವಿಗೊಟ್ಟಿರುವ ಎಲ್ಲರದು. ಪ್ರಶ್ನೆಯೂ ಪುಟ್ಟದು:

```
_googlecast._tcp.local
```

ಕಾಸ್ಟ್ ಬಲ್ಲವರು ಇಲ್ಲಿ ಯಾರಿದ್ದೀರಿ ಎಂಬುದು ಇದರ ತಾತ್ಪರ್ಯ. ಪ್ರಿಂಟರ್, ಕ್ಯಾಮೆರಾಗಳು ಸುಮ್ಮನಿರುತ್ತವೆ. ಟಿವಿ ಉತ್ತರಿಸುತ್ತದೆ. ಮನೆಯವರು ತನಗಿಟ್ಟ ಹೆಸರು, ತನ್ನ ಮಾದರಿ, ಈಗಿನ ವಿಳಾಸ, ಯಾವ ಪೋರ್ಟಿನಲ್ಲಿ ಮಾತಾಡಬೇಕು ಎಂಬ ವಿವರಗಳೆಲ್ಲ ಆ ಉತ್ತರದಲ್ಲಿರುತ್ತವೆ. ಇದು ಕೈಸೇರಿದ ಮೇಲೆಯೇ ಫೋನಿನ ಪಟ್ಟಿಯಲ್ಲಿ ‘ಹಾಲ್ ಟಿವಿ’ ಎಂಬ ಹೆಸರು ಮೂಡುವುದು.

ಒಂದೇ ನೆಟ್‌ವರ್ಕ್ ಎಂಬ ಷರತ್ತಿನ ಬೇರು ಇರುವುದು ಈ ಕೂಗಿನಲ್ಲಿ. 224.0.0ರಿಂದ ಶುರುವಾಗುವ ವಿಳಾಸಗಳಿಗೆ ಹೊರಟದ್ದನ್ನು ಯಾವ ರೌಟರೂ ತನ್ನಿಂದಾಚೆಗೆ ದಾಟಿಸಬಾರದೆಂಬುದು ಇಂಟರ್ನೆಟ್‌ನ ನಿಯಮ. ಅದಿಲ್ಲದಿದ್ದರೆ ಒಂದು ಮನೆಯ ಕೂಗು ಊರಿನ ಎಲ್ಲ ಟಿವಿಗಳಿಗೂ ಕೇಳಿ, ಅಷ್ಟೂ ಉತ್ತರ ಕೊಟ್ಟಾವು. ಕೂಗು ಎಲ್ಲಿಯವರೆಗೆ ಕೇಳುತ್ತದೆಯೋ ಅಲ್ಲಿಯವರೆಗೆ ಒಂದು ನೆಟ್‌ವರ್ಕ್. ವೈಫೈಯ ಹೆಸರು ಒಂದೇ ಇರಬೇಕೆಂದು ಹಲವರು ತಿಳಿದಿದ್ದಾರೆ, ಅದು ಸರಿಯಲ್ಲ. ಒಂದೇ ರೌಟರ್ 2.4 ಗಿಗಾಹರ್ಟ್ಸ್ ಮತ್ತು 5 ಗಿಗಾಹರ್ಟ್ಸ್‌ಗೆ ಬೇರೆ ಬೇರೆ ಹೆಸರು ಇಟ್ಟುಕೊಂಡಿದ್ದರೂ ಸಾಮಾನ್ಯವಾಗಿ ಎರಡೂ ಒಂದೇ ನೆಟ್‌ವರ್ಕೇ. ಟಿವಿಗೆ ವೈಫೈ ಬದಲು ಕೇಬಲ್ ಹಾಕಿದ್ದರೂ ಅಡ್ಡಿಯಿಲ್ಲ. ತದ್ವಿರುದ್ಧವಾಗಿ, ಹೆಸರು ಒಂದೇ ಇದ್ದು ನೆಟ್‌ವರ್ಕ್ ಬೇರೆ ಇರುವುದೂ ಸಾಧ್ಯ. ಅದರ ಉದಾಹರಣೆ ಮುಂದೆ ಬರುತ್ತದೆ.

ಪಟ್ಟಿಯಲ್ಲಿ ಟಿವಿಯ ಹೆಸರು ಒತ್ತಿದಾಗ ಎರಡನೆಯ ಹಂತ ಶುರುವಾಗುತ್ತದೆ. ಫೋನು ಟಿವಿಯ 8009ನೇ ಪೋರ್ಟಿಗೆ ಗೂಢಲಿಪಿಯ ಸಂಪರ್ಕವೊಂದನ್ನು ತೆರೆಯುತ್ತದೆ. ಎದುರಿಗಿರುವುದು ನಿಜವಾಗಿಯೂ ಒಪ್ಪಿತವಾದ ಕಾಸ್ಟ್ ಉಪಕರಣವೇ ಎಂದು ತಿಳಿಯಲು ಅದರ ಡಿಜಿಟಲ್ ಪ್ರಮಾಣಪತ್ರ ಕೇಳಿ ಪರಿಶೀಲಿಸುತ್ತದೆ. ಸಾಮಾನ್ಯ ಬಳಕೆದಾರರ ಕಣ್ಣಿಗೆ ಬೀಳದ ಈ ಹೆಜ್ಜೆ ಒಮ್ಮೆ ಜಗತ್ತಿನಾದ್ಯಂತ ಸುದ್ದಿಯಾಯಿತು. 2025ರ ಮಾರ್ಚ್ ತಿಂಗಳಲ್ಲಿ ಎರಡನೆಯ ತಲೆಮಾರಿನ ಕ್ರೋಮ್‌ಕಾಸ್ಟ್‌ಗಳು ಹಠಾತ್ತಾಗಿ ಕಾಸ್ಟ್ ನಿರಾಕರಿಸತೊಡಗಿದವು. ಅವುಗಳ ಪ್ರಮಾಣಪತ್ರಗಳಿಗೆ ಆಧಾರವಾಗಿದ್ದ ಮೇಲಿನ ಪ್ರಮಾಣಪತ್ರವೊಂದರ ಹತ್ತು ವರ್ಷದ ಅವಧಿ ಮುಗಿದಿತ್ತು. ಉಪಕರಣ ಚೆನ್ನಾಗಿತ್ತು, ವೈಫೈ ಚೆನ್ನಾಗಿತ್ತು, ಫೋನು ಮಾತ್ರ ಟಿವಿಯನ್ನು ನಂಬಲು ಒಪ್ಪಲಿಲ್ಲ. ಗೂಗಲ್ ಕೆಲವು ದಿನಗಳಲ್ಲಿ ತಂತ್ರಾಂಶ ಬದಲಿಸಿ ಸರಿಪಡಿಸಿತು.

ನಂಬಿಕೆ ಕುದುರಿದ ಮೇಲೆ ಫೋನು ಯಾವ ಆ್ಯಪ್ ತೆರೆಯಬೇಕೆಂದು ಹೇಳುತ್ತದೆ, ಟಿವಿ ಆ ಆ್ಯಪಿನ ತನ್ನ ಕಡೆಯ ಭಾಗವನ್ನು ಶುರು ಮಾಡಿಕೊಂಡು ವಿಡಿಯೊ ತರಿಸತೊಡಗುತ್ತದೆ. ಇದು ಮೂರನೆಯ ಹಂತ. ಇಲ್ಲಿಂದಾಚೆ ಇಬ್ಬರ ನಡುವೆ ಉಳಿಯುವುದು ನಿಲ್ಲಿಸು, ಮುಂದೆ ಓಡಿಸು, ಸದ್ದು ಕಡಿಮೆ ಮಾಡು ಎಂಬಂಥ ಚಿಲ್ಲರೆ ಮಾತು.

ಗಮನಿಸಬೇಕಾದ ಸಂಗತಿ ಒಂದಿದೆ. ಈ ಮೂರೂ ಹಂತಗಳಲ್ಲಿ ಫೋನು ಟಿವಿಯನ್ನು ಪರೀಕ್ಷಿಸಿತೇ ಹೊರತು ಟಿವಿ ಫೋನನ್ನು ಏನೂ ಕೇಳಲಿಲ್ಲ. ನೀನು ಯಾರು, ಈ ಮನೆಯವನೇ, ಅಪ್ಪಣೆ ಇದೆಯೇ ಎಂಬ ಪ್ರಶ್ನೆಗಳೇ ಇಲ್ಲ. ಫೋನು ಮನೆಯ ವೈಫೈಯಲ್ಲಿದೆ ಎಂದರೆ ಯಾರೋ ಅದಕ್ಕೆ ಪಾಸ್‌ವರ್ಡ್ ಕೊಟ್ಟಿದ್ದಾರೆ, ಕೊಟ್ಟವರು ಮನೆಯವರೇ ಇರಬೇಕು ಎಂಬುದು ವ್ಯವಸ್ಥೆಯ ತರ್ಕ. ಒಂದೇ ನೆಟ್‌ವರ್ಕ್ ಎಂಬುದು ದಾರಿಯೂ ಹೌದು, ಗುರುತಿನ ಚೀಟಿಯೂ ಹೌದು. ಮನೆಯಲ್ಲಿ ಒಬ್ಬರು ಹಾಕಿದ ಹಾಡನ್ನು ಇನ್ನೊಬ್ಬರು ತಮ್ಮ ಫೋನಿನಿಂದಲೇ ನಿಲ್ಲಿಸಲು ಸಾಧ್ಯವಾಗುವುದೂ ಇದರಿಂದಲೇ. ಅದರಿಂದ ಜಗಳವಾಗುವ ಮನೆಗಳಿಗಾಗಿ ಸೆಟ್ಟಿಂಗ್ಸ್‌ನಲ್ಲಿ ಅದನ್ನು ತಡೆಯುವ ಗುಂಡಿಯನ್ನೂ ಇಟ್ಟಿದ್ದಾರೆ.

ಈ ಗೋಡೆಯಲ್ಲಿ ಬಿರುಕು ಬಿಟ್ಟರೆ ಏನಾಗುತ್ತದೆ ಎಂಬುದು 2019ರ ಜನವರಿಯಲ್ಲಿ ಕಂಡಿತು. ಹಲವು ರೌಟರ್‌ಗಳ ಸೆಟ್ಟಿಂಗ್ ಸಡಿಲವಾಗಿದ್ದು, ಕಾಸ್ಟ್ ಉಪಕರಣಗಳ ಪೋರ್ಟುಗಳು ಹೊರಗಿನ ಇಂಟರ್ನೆಟ್‌ಗೆ ತೆರೆದುಕೊಂಡಿದ್ದವು. ಅದನ್ನು ಹುಡುಕಿ ತೆಗೆದ ಹ್ಯಾಕರ್‌ಗಳು ಜಗತ್ತಿನ ಸಾವಿರಾರು ಮನೆಗಳ ಟಿವಿಯಲ್ಲಿ ತಮಗೆ ಬೇಕಾದ ವಿಡಿಯೊ ಹಾಕಿದರು. ಟಿವಿ ಅಪಾಯದಲ್ಲಿದೆ ಎಂಬ ಎಚ್ಚರಿಕೆಯ ಜೊತೆಗೆ, ಪ್ಯೂಡಿಪೈ ಎಂಬ ಯೂಟ್ಯೂಬ್ ಚಾನೆಲ್‌ಗೆ ಚಂದಾದಾರರಾಗಿ ಎಂಬ ಪ್ರಚಾರವೂ ಅದರಲ್ಲಿತ್ತು. ಯಾವ ಪಾಸ್‌ವರ್ಡನ್ನೂ ಅವರು ಮುರಿಯಬೇಕಾಗಲಿಲ್ಲ. ಮನೆಯ ನೆಟ್‌ವರ್ಕೇ ಬೀಗವಾಗಿತ್ತು, ಅದು ಹಾಕಿರಲಿಲ್ಲ, ಅಷ್ಟೆ.

ಹೆಸರು ಒಂದೇ ಇದ್ದೂ ನೆಟ್‌ವರ್ಕ್ ಬೇರೆ ಇರುವ ಉದಾಹರಣೆಗೆ ಈಗ ಬರಬಹುದು. ಎರಡು ಅಂತಸ್ತಿನ ಮನೆಗಳಲ್ಲಿ ಇದು ಮಾಮೂಲು. ಕೆಳಗಿನ ಹಾಲಿನಲ್ಲಿ ಫೈಬರ್ ಕಂಪನಿಯವರು ಕೂರಿಸಿದ ರೌಟರ್ ಇದೆ, ಟಿವಿ ಅದಕ್ಕೆ ಸೇರಿದೆ, ಟಿವಿಯ ವಿಳಾಸ 192.168.1.23. ಮಹಡಿಗೆ ಸಿಗ್ನಲ್ ಸಾಲದೆಂದು ಅಂಗಡಿಯಿಂದ ಇನ್ನೊಂದು ರೌಟರ್ ತಂದು, ಕೆಳಗಿನಿಂದ ಕೇಬಲ್ ಎಳೆದು, ಅದರ WAN ಎಂದು ಬರೆದಿರುವ ತೂತಿಗೆ ಸಿಕ್ಕಿಸಲಾಗಿದೆ. ಅನುಕೂಲಕ್ಕೆಂದು ಎರಡಕ್ಕೂ ಒಂದೇ ಹೆಸರು, ಒಂದೇ ಪಾಸ್‌ವರ್ಡ್. ಮಹಡಿಯಲ್ಲಿ ಇಂಟರ್ನೆಟ್ ಚೆನ್ನಾಗಿ ಬರುತ್ತದೆ, ಎಲ್ಲರಿಗೂ ಸಂತೋಷ.

ಕಾಸ್ಟ್ ವಿಷಯದಲ್ಲಿ ಮಾತ್ರ ಒಂದು ವಿಚಿತ್ರ ಶುರುವಾಗುತ್ತದೆ. ಕೆಲವು ಸಲ ಟಿವಿ ಪಟ್ಟಿಯಲ್ಲಿ ಕಾಣುತ್ತದೆ, ಕೆಲವು ಸಲ ಟಿವಿಯ ಮುಂದೆಯೇ ಕೂತಿದ್ದರೂ ಕಾಣುವುದಿಲ್ಲ. ಕಾರಣ ಇಷ್ಟು: ಮಹಡಿಯ ರೌಟರ್ ತನ್ನ ಕೆಳಗೆ ಬೇರೊಂದು ನೆಟ್‌ವರ್ಕ್ ಕಟ್ಟಿಕೊಂಡು 192.168.0ರಿಂದ ಶುರುವಾಗುವ ವಿಳಾಸಗಳನ್ನು ಹಂಚುತ್ತಿದೆ. ಅದಕ್ಕೆ ಅಂಟಿಕೊಂಡ ಫೋನಿನ ಕೂಗು ಆ ರೌಟರನ್ನು ದಾಟಿ ಕೆಳಗಿನ ಟಿವಿಗೆ ಮುಟ್ಟುವುದಿಲ್ಲ. ಮಹಡಿಯಿಂದ ಇಳಿದು ಬಂದರೂ, ಹಳೆಯ ಸಿಗ್ನಲ್ ಸ್ವಲ್ಪ ಸಿಗುತ್ತಿರುವವರೆಗೆ ಫೋನು ಮಹಡಿಯ ರೌಟರನ್ನು ಬಿಡುವುದಿಲ್ಲ. ತಮಾಷೆಯೆಂದರೆ, ಆ ಫೋನಿಗೆ ಟಿವಿಯ ವಿಳಾಸ ಗೊತ್ತಿದ್ದಿದ್ದರೆ ಅದು ಟಿವಿಯನ್ನು ನೇರವಾಗಿ ಮುಟ್ಟಬಹುದಿತ್ತು. ಮಹಡಿಯ ನೆಟ್‌ವರ್ಕ್ ಒಳಗಿನದು, ಕೆಳಗಿನದು ಅದಕ್ಕೆ ಹೊರಗಿನದು, ಒಳಗಿನಿಂದ ಹೊರಕ್ಕೆ ದಾರಿ ತೆರೆದೇ ಇರುತ್ತದೆ. ಕೂಗು ದಾಟದ್ದರಿಂದ ವಿಳಾಸ ತಿಳಿಯದು, ತಿಳಿಯದ್ದರಿಂದ ದಾರಿಯಿದ್ದೂ ಉಪಯೋಗವಿಲ್ಲ.

ಪತ್ತೆ ಹಚ್ಚುವುದು ಕಷ್ಟವಲ್ಲ. ಫೋನಿನ ವೈಫೈ ಸೆಟ್ಟಿಂಗ್ಸ್‌ನಲ್ಲಿ ಈಗ ಸೇರಿರುವ ನೆಟ್‌ವರ್ಕಿನ ವಿವರ ತೆರೆದರೆ ಫೋನಿನ ಐಪಿ ವಿಳಾಸ ಸಿಗುತ್ತದೆ, ಟಿವಿಯ ನೆಟ್‌ವರ್ಕ್ ಸೆಟ್ಟಿಂಗ್ಸ್‌ನಲ್ಲಿ ಟಿವಿಯದು. ಮನೆಯ ರೌಟರ್‌ಗಳಲ್ಲಿ ಸಾಮಾನ್ಯವಾಗಿ ಮೊದಲ ಮೂರು ಭಾಗ ಒಂದೇ ಇದ್ದರೆ ನೆಟ್‌ವರ್ಕ್ ಒಂದೇ. ಇಲ್ಲಿ ಒಂದು 192.168.0.105, ಇನ್ನೊಂದು 192.168.1.23. ಮೂರನೆಯ ಭಾಗದಲ್ಲೇ ಗುಟ್ಟು ಬಯಲಾಯಿತು. ಮಹಡಿಯ ರೌಟರ್‌ನ ಸೆಟ್ಟಿಂಗ್ಸ್‌ನಲ್ಲಿ Access Point ಎಂಬ ಮೋಡ್ ಇದ್ದರೆ ಅದಕ್ಕೆ ಬದಲಾಯಿಸಿದರೆ ಸಾಕು. ಆಗ ಅದು ವಿಳಾಸ ಹಂಚುವುದನ್ನು ಬಿಟ್ಟು, ಕೆಳಗಿನ ರೌಟರ್‌ನ ಸಿಗ್ನಲ್ಲನ್ನು ಮಹಡಿಗೆ ಮುಟ್ಟಿಸುವ ಕೆಲಸವನ್ನಷ್ಟೇ ಮಾಡುತ್ತದೆ. ಫೋನು ವೈಫೈ ಒಮ್ಮೆ ಆರಿಸಿ ಹಚ್ಚಿದ ಮೇಲೆ ಅದಕ್ಕೂ 192.168.1ರ ವಿಳಾಸ ಬರುತ್ತದೆ, ಟಿವಿ ಎಲ್ಲಿಂದ ನೋಡಿದರೂ ಪಟ್ಟಿಯಲ್ಲಿರುತ್ತದೆ.

ಬೇರೆ ತೊಡಕುಗಳನ್ನೂ ಮೂರು ಹಂತಗಳ ಲೆಕ್ಕದಲ್ಲೇ ಗುರುತಿಸಬಹುದು. ಪಟ್ಟಿಯಲ್ಲಿ ಹೆಸರೇ ಇಲ್ಲದಿದ್ದರೆ ಕೂಗು ಮುಟ್ಟಿಲ್ಲ: ಫೋನು ಮೊಬೈಲ್ ಡೇಟಾದಲ್ಲಿರಬಹುದು, ರೌಟರ್‌ನ ಅತಿಥಿ ವೈಫೈಗೆ ಸೇರಿರಬಹುದು, ವಿಪಿಎನ್ ಚಾಲೂ ಇರಬಹುದು. ಐಫೋನಿನಲ್ಲಾದರೆ ಸ್ಥಳೀಯ ನೆಟ್‌ವರ್ಕ್ ನೋಡಲು ಆ್ಯಪಿಗೆ ಕೊಡಬೇಕಾದ ಅನುಮತಿಯನ್ನು ಯಾರೋ ನಿರಾಕರಿಸಿರಬಹುದು. 2020ರಲ್ಲಿ ಬಂದ ಐಓಎಸ್ 14ರಿಂದ ಈ ಅನುಮತಿ ಕಡ್ಡಾಯ. ಹೆಸರು ಕಂಡು, ಒತ್ತಿದ ಮೇಲೆ ಸುತ್ತುತ್ತಲೇ ಇದ್ದರೆ ಎರಡನೆಯ ಹಂತದಲ್ಲಿ ತಡೆಯಿದೆ. ಸಂಪರ್ಕವಾಗಿ ಟಿವಿಯಲ್ಲಿ ಆ್ಯಪಿನ ಚಿಹ್ನೆ ಬಂದು, ಚಿತ್ರ ಮಾತ್ರ ಬಾರದಿದ್ದರೆ ಫೋನಿನ ತಂಟೆಗೆ ಹೋಗಬೇಕಾಗಿಲ್ಲ, ಟಿವಿಯ ಇಂಟರ್ನೆಟ್ಟನ್ನೇ ನೋಡಬೇಕು.

ಮೇಲೆ ಹೇಳಿದ ಅತಿಥಿ ವೈಫೈ ತುಸು ವಿವರಣೆ ಬೇಡುತ್ತದೆ, ಏಕೆಂದರೆ ಮನೆಗೆ ಬಂದವರು ಕಾಸ್ಟ್ ಮಾಡಲು ಹೋಗಿ ಸೋಲುವುದು ಹೆಚ್ಚಾಗಿ ಅಲ್ಲೇ. ಈಚಿನ ಅನೇಕ ರೌಟರ್‌ಗಳಲ್ಲಿ ಬಂದವರಿಗೆಂದೇ ಬೇರೆ ಹೆಸರಿನ ವೈಫೈ ತೆರೆಯುವ ಸೌಲಭ್ಯವಿದೆ. ಅದರ ಉದ್ದೇಶವೇ ಬಂದವರಿಗೆ ಇಂಟರ್ನೆಟ್ ಕೊಡುವುದು, ಮನೆಯ ಉಪಕರಣಗಳನ್ನು ಕೊಡದಿರುವುದು. ಅದಕ್ಕೆ ಸೇರಿದ ಫೋನಿಗೆ ಮನೆಯ ಲ್ಯಾಪ್‌ಟಾಪ್, ಕ್ಯಾಮೆರಾ ಕಾಣಬಾರದು, ಹಾಗೆಯೇ ಟಿವಿಯೂ ಕಾಣುವುದಿಲ್ಲ. ಸೌಲಭ್ಯ ಕೆಟ್ಟಿದೆಯೆಂದು ಬೈಯುವವರು ಅದು ಸರಿಯಾಗಿ ಕೆಲಸ ಮಾಡುತ್ತಿರುವುದನ್ನೇ ಬೈಯುತ್ತಿರುತ್ತಾರೆ. ಹಾಗೆಂದು ಅವರಿಗೆ ಮನೆಯ ಮುಖ್ಯ ಪಾಸ್‌ವರ್ಡನ್ನೇ ಕೊಟ್ಟರೆ, ಒಂದು ಹಾಡು ಹಾಕುವ ಸಲುವಾಗಿ ಇಡೀ ಮನೆಯ ಬೀಗದ ಕೈ ಕೊಟ್ಟ ಹಾಗಾಯಿತು. ಆ ಪಾಸ್‌ವರ್ಡ್ ಅವರ ಫೋನಿನಲ್ಲಿ ಕಾಯಂ ಆಗಿ ಉಳಿಯುತ್ತದೆ.

ಇದಕ್ಕೆ ಗೂಗಲ್ 2014ರಲ್ಲಿ ಕಂಡುಕೊಂಡ ಪರಿಹಾರ ಗೆಸ್ಟ್ ಮೋಡ್. ಆ ವರ್ಷದ ಜೂನ್‌ನಲ್ಲಿ ಘೋಷಿಸಿ, ಡಿಸೆಂಬರ್‌ನಲ್ಲಿ ಕ್ರೋಮ್‌ಕಾಸ್ಟ್‌ಗೆ ಅದನ್ನು ಕೊಟ್ಟರು. ನೆಟ್‌ವರ್ಕ್ ಮಾಡುತ್ತಿದ್ದ ಎರಡು ಕೆಲಸಗಳನ್ನೂ, ಅಂದರೆ ದಾರಿ ತೋರುವುದು ಮತ್ತು ಗುರುತು ಹೇಳುವುದು, ಬೇರೆ ಸಾಧನಗಳಿಂದ ಮಾಡಿಸಿದ ಜಾಣ್ಮೆ ಅದರಲ್ಲಿದೆ.

ಮೊದಲನೆಯದು ದಾರಿ. ಹೊರಗಿನಿಂದ ಟಿವಿಯನ್ನು ಮುಟ್ಟಲಾಗದು, ಆದರೆ ಟಿವಿ ಹೊರಗೆ ಹೋಗಬಲ್ಲದು. ಹಾಗಾದರೆ ಟಿವಿಯೇ ಮೊದಲು ಗೂಗಲ್‌ನ ಸರ್ವರ್‌ಗೆ ಸಂಪರ್ಕ ಮಾಡಿ ಅದನ್ನು ಹಿಡಿದುಕೊಂಡಿರಲಿ, ಅತಿಥಿಯ ಫೋನು ತನ್ನ ಮೊಬೈಲ್ ಡೇಟಾ ಮೂಲಕ ಅದೇ ಸರ್ವರ್‌ಗೆ ಬರಲಿ. ಎರಡೂ ಕಡೆಯಿಂದ ಬಂದ ತಂತಿಗಳನ್ನು ಸರ್ವರ್ ನಡುವೆ ನಿಂತು ಜೋಡಿಸುತ್ತದೆ. ಫೋನಿನ ‘ನಿಲ್ಲಿಸು’ ಎಂಬ ಸೂಚನೆ ಎರಡು ಮಾರು ದೂರದ ಟಿವಿಗೆ ಹೋಗಲು ಊರಾಚೆಯ ಸರ್ವರ್ ಸುತ್ತಿ ಬರುತ್ತದೆ. ಸೂಚನೆ ಬಹಳ ಚಿಕ್ಕದಾದ್ದರಿಂದ ಇದು ಸಾಧ್ಯ, ವಿಡಿಯೊವೇ ಫೋನಿನಿಂದ ಹೋಗಬೇಕಿದ್ದರೆ ಈ ಏರ್ಪಾಡು ನಡೆಯುತ್ತಿರಲಿಲ್ಲ.

ಎರಡನೆಯದು ಗುರುತು, ಇದೇ ಹೆಚ್ಚು ಕುತೂಹಲದ ಭಾಗ. ಸರ್ವರ್ ಮೂಲಕ ಜಗತ್ತಿನ ಯಾವ ಫೋನು ಬೇಕಾದರೂ ಬರಬಹುದಾದ್ದರಿಂದ, ಈ ಫೋನು ಈ ಟಿವಿಯ ಮುಂದೆಯೇ ಇದೆಯೆಂದು ಖಾತರಿಯಾಗಬೇಕು. ಮನೆಯ ಯಜಮಾನರು ಗೆಸ್ಟ್ ಮೋಡ್ ಹಚ್ಚಿದಾಗ ಕ್ರೋಮ್‌ಕಾಸ್ಟ್ ಒಂದು ವಿಶೇಷ ವೈಫೈ ಸಂಕೇತವನ್ನು ಸುತ್ತಮುತ್ತ ಬೀರತೊಡಗುತ್ತದೆ. ಅದಕ್ಕೆ ಸೇರಿಕೊಳ್ಳುವ ಅಗತ್ಯವಿಲ್ಲ, ಫೋನಿನ ವೈಫೈ ಆನ್ ಇದ್ದು ಸಂಕೇತ ಕಿವಿಗೆ ಬಿದ್ದರೆ ಸಾಕು. ಕಾಸ್ಟ್ ಗುಂಡಿ ಒತ್ತಿದಾಗ ಪಟ್ಟಿಯಲ್ಲಿ ಟಿವಿಯ ಹೆಸರಿಲ್ಲದೆ, ಹತ್ತಿರದಲ್ಲೊಂದು ಉಪಕರಣವಿದೆ ಎಂದಷ್ಟೇ ತೋರುತ್ತದೆ.

ವೈಫೈ ಸಂಕೇತ ಗೋಡೆ ದಾಟುತ್ತದೆ. ಅಪಾರ್ಟ್‌ಮೆಂಟಿನಲ್ಲಿ ಪಕ್ಕದ ಮನೆಯವರಿಗೂ, ಮೇಲಿನ ಮನೆಯವರಿಗೂ ಅದು ಸಿಕ್ಕೇ ಸಿಗುತ್ತದೆ. ಅದೊಂದನ್ನೇ ನಂಬುವಂತಿಲ್ಲ. ಆದ್ದರಿಂದ ಕ್ರೋಮ್‌ಕಾಸ್ಟ್ ನಾಲ್ಕು ಅಂಕಿಯ ಒಂದು ಪಿನ್ ಸೃಷ್ಟಿಸಿ, ಅದನ್ನು ಟಿವಿಯ ಸ್ಪೀಕರ್‌ನಿಂದ ಸ್ವರವಾಗಿ ಹೊರಡಿಸುತ್ತದೆ. ಮನುಷ್ಯರ ಕಿವಿಗೆ ನಿಲುಕದಷ್ಟು ಎತ್ತರದ ಸ್ವರ ಅದು, ಫೋನಿನ ಮೈಕಿಗೆ ಮಾತ್ರ ಕೇಳುತ್ತದೆ. ಇಷ್ಟು ಎತ್ತರದ ಸ್ವರ ಗೋಡೆ ದಾಟುವಷ್ಟು ಗಟ್ಟಿಯಲ್ಲ, ಕೋಣೆಯೊಳಗೇ ಕರಗುತ್ತದೆ. ಕೋಣೆಯಲ್ಲಿದ್ದವರಿಗೆ ಮಾತ್ರ ಸಿಗುವ ಗುರುತಿನ ಚೀಟಿ ಇದು. ಟಿವಿಯ ಸದ್ದು ಮುಚ್ಚಿದ್ದರೆ, ಮೈಕಿಗೆ ಅನುಮತಿ ಇಲ್ಲದಿದ್ದರೆ, ಫೋನು ಬ್ಯಾಗಿನೊಳಗಿದ್ದರೆ ಸ್ವರ ಸಿಗುವುದಿಲ್ಲ. ಆಗ ಅದೇ ಪಿನ್ನನ್ನು ಕೈಯಾರೆ ಒತ್ತಬೇಕು. ಕ್ರೋಮ್‌ಕಾಸ್ಟ್ ಬಿಡುವಾಗಿದ್ದಾಗ ಚಿತ್ರಗಳು ಮೂಡುವ ಪರದೆಯ ಮೇಲೆಯೇ ಆ ಪಿನ್ ಕಾಣುತ್ತದೆ. ಕಣ್ಣಿಗೆ ಕಾಣಬೇಕಾದರೂ ಕೋಣೆಯಲ್ಲಿರಲೇಬೇಕು, ತರ್ಕ ಒಂದೇ. ಪಿನ್ ಕಾಲಕಾಲಕ್ಕೆ ಬದಲಾಗುವುದರಿಂದ ಹಿಂದೆ ಬಂದು ಹೋದವರ ಬಳಿ ಇರುವ ಅಂಕಿಗಳಿಂದ ಪ್ರಯೋಜನವಿಲ್ಲ.

ಹಿಂದಿನ ಮನೆಗೇ ನೆಂಟರೊಬ್ಬರು ಬಂದರೆನ್ನಿ, ಮಗಳ ಮದುವೆಯ ವಿಡಿಯೊವನ್ನು ಯೂಟ್ಯೂಬಿನಿಂದ ತೋರಿಸಬೇಕು. ಮನೆಯವರು ಗೂಗಲ್ ಹೋಮ್ ಆ್ಯಪಿನಲ್ಲಿ ಆ ಉಪಕರಣದ ಸೆಟ್ಟಿಂಗ್ಸ್ ತೆರೆದು Guest mode ಆನ್ ಮಾಡುತ್ತಾರೆ. ಎಲ್ಲ ಮಾದರಿಗಳಲ್ಲೂ ಈ ಆಯ್ಕೆ ಇರುವುದಿಲ್ಲ, ಇಲ್ಲದಿದ್ದರೆ ಮುಂದೆ ಹೇಳುವ ಯೂಟ್ಯೂಬ್ ದಾರಿ ಹಿಡಿಯಬೇಕು. ನೆಂಟರು ಮೊಬೈಲ್ ಡೇಟಾದಲ್ಲೇ ಇದ್ದು ವೈಫೈ ಆನ್ ಮಾಡುತ್ತಾರೆ, ಕಾಸ್ಟ್ ಗುಂಡಿ ಒತ್ತುತ್ತಾರೆ, ಫೋನು ಸ್ವರ ಕೇಳಿಸಿಕೊಂಡು ಅಥವಾ ಪಿನ್ ಪಡೆದು ಜೋಡಿಯಾಗುತ್ತದೆ. ವಿಡಿಯೊ ಟಿವಿಯಲ್ಲಿ ಬರುವಾಗ ಖರ್ಚಾಗುವುದು ಮನೆಯ ಬ್ರಾಡ್‌ಬ್ಯಾಂಡೇ, ನೆಂಟರ ಡೇಟಾದಿಂದ ಹೋಗುವುದು ಸೂಚನೆಗಳ ಪುಡಿಲೆಕ್ಕ ಮಾತ್ರ. ಆದರೆ ಖಾತೆ ನೆಂಟರದು. ಹಣ ಕಟ್ಟಿ ನೋಡುವ ಆ್ಯಪ್ ಆಗಿದ್ದರೆ ಅವರ ಚಂದಾ ಬಳಕೆಯಾಗುತ್ತದೆ, ನೋಡಿದ್ದರ ದಾಖಲೆ ಅವರ ಖಾತೆಗೇ ಸೇರುತ್ತದೆ.

ಮದುವೆಯ ವಿಡಿಯೊ ಯೂಟ್ಯೂಬಿನಲ್ಲಿರದೆ ನೆಂಟರ ಫೋನಿನ ಗ್ಯಾಲರಿಯಲ್ಲಿದ್ದರೆ ಗೆಸ್ಟ್ ಮೋಡ್ ಕೈಕೊಡುತ್ತದೆ. ಫೋನಿನೊಳಗಿನ ಕಡತವನ್ನು ಟಿವಿ ನೇರವಾಗಿ ಫೋನಿನಿಂದಲೇ ಎಳೆದುಕೊಳ್ಳಬೇಕು, ಅದಕ್ಕೆ ಒಂದೇ ನೆಟ್‌ವರ್ಕ್ ಬೇಕು. ಫೋನಿನ ಪರದೆಯನ್ನೇ ಟಿವಿಗೆ ಪ್ರತಿಬಿಂಬಿಸುವ ಸ್ಕ್ರೀನ್ ಮಿರರಿಂಗ್‌ಗೂ ಇದೇ ಮಾತು. ಅದರಲ್ಲಿ ಫೋನು ತನ್ನ ಪರದೆಯ ಚಿತ್ರವನ್ನು ಎಡೆಬಿಡದೆ ಕಳಿಸುತ್ತಿರಬೇಕು, ಬ್ಯಾಟರಿ ಬೇಗ ಇಳಿಯುವುದೂ ಅದಕ್ಕೇ. ಇಂಥ ಸಂದರ್ಭಕ್ಕೆ ಬೇರೆ ಪದ್ಧತಿಗಳಿವೆ. ಕೆಲವು ಆಂಡ್ರಾಯ್ಡ್ ಫೋನುಗಳಲ್ಲೂ ವಿಂಡೋಸ್ ಲ್ಯಾಪ್‌ಟಾಪ್‌ಗಳಲ್ಲೂ ಇರುವ ಮಿರಾಕಾಸ್ಟ್, ಮನೆಯ ರೌಟರನ್ನು ಕೇಳದೆ ಫೋನು ಮತ್ತು ಟಿವಿಯ ನಡುವೆ ನೇರ ವೈಫೈ ಕೊಂಡಿ ಹಾಕುತ್ತದೆ. ಆ್ಯಪಲ್ 2014ರಿಂದ ತನ್ನ ಏರ್‌ಪ್ಲೇಯಲ್ಲಿ ಹೀಗೆ ನೇರವಾಗಿ ಜೋಡಿಯಾಗುವ ದಾರಿಯನ್ನು ಆ್ಯಪಲ್ ಟಿವಿ ಉಪಕರಣಕ್ಕೆ ಸೇರಿಸಿತು. ಎರಡರಲ್ಲೂ ಚಿತ್ರ ಬರುವುದು ಫೋನಿನಿಂದ, ಆದ್ದರಿಂದ ಫೋನು ಕೋಣೆಯಿಂದ ಹೊರಟರೆ ಚಿತ್ರವೂ ಹೊರಟಂತೆ.

ಯೂಟ್ಯೂಬ್ ಆ್ಯಪಿನಲ್ಲಿ ಇನ್ನೂ ಸರಳವಾದ ಉಪಾಯವಿದೆ, ಅದಕ್ಕೆ ಗೆಸ್ಟ್ ಮೋಡ್ ಕೂಡ ಬೇಡ. ಟಿವಿಯಲ್ಲಿ ಯೂಟ್ಯೂಬ್ ತೆರೆದು ಸೆಟ್ಟಿಂಗ್ಸ್‌ನಲ್ಲಿ Link with TV code ಎಂಬುದನ್ನು ಒತ್ತಿದರೆ ಒಂದು ಸಂಖ್ಯೆ ಮೂಡುತ್ತದೆ. ಫೋನಿನ ಯೂಟ್ಯೂಬಿನಲ್ಲಿ ಕಾಸ್ಟ್ ಗುಂಡಿ ಒತ್ತಿ, ಅದೇ ಹೆಸರಿನ ಆಯ್ಕೆಯಲ್ಲಿ ಆ ಸಂಖ್ಯೆ ಕೊಟ್ಟರೆ ಜೋಡಣೆ ಮುಗಿಯಿತು. ಫೋನು ಯಾವ ನೆಟ್‌ವರ್ಕಿನಲ್ಲಿದ್ದರೂ ನಡೆಯುತ್ತದೆ, ಏಕೆಂದರೆ ಇಲ್ಲೂ ಮಾತುಕತೆ ಸರ್ವರ್ ಮೂಲಕವೇ. ಆದರೆ ಗೆಸ್ಟ್ ಮೋಡ್‌ಗೂ ಇದಕ್ಕೂ ಒಂದು ವ್ಯತ್ಯಾಸವಿದೆ. ಒಮ್ಮೆ ಜೋಡಿಸಿದ ಫೋನು ಬಿಡಿಸುವವರೆಗೂ ಜೋಡಿಯಾಗಿಯೇ ಇರುತ್ತದೆ. ಶಿವಮೊಗ್ಗಕ್ಕೆ ಮರಳಿದ ನೆಂಟರು ಅಲ್ಲಿಂದಲೇ ಮೈಸೂರಿನ ಟಿವಿಯ ಹೆಸರನ್ನು ತಪ್ಪಿ ಒತ್ತಿದರೆ, ಇಲ್ಲಿ ಯಾರೂ ಕೇಳದ ಹಾಡು ಶುರುವಾಗಬಹುದು. ಅವರು ಹೊರಡುವ ಮುನ್ನ ಟಿವಿಯ ಯೂಟ್ಯೂಬ್ ಸೆಟ್ಟಿಂಗ್ಸ್‌ನಲ್ಲಿ ಜೋಡಿಸಿದ ಸಾಧನಗಳ ಪಟ್ಟಿಗೆ ಹೋಗಿ ಅವರ ಫೋನನ್ನು ತೆಗೆಯುವುದು ಒಳ್ಳೆಯದು.

ಹೋಟೆಲುಗಳ ಸಮಸ್ಯೆ ಇದೆಲ್ಲಕ್ಕಿಂತ ದೊಡ್ಡದು. ನೂರಾರು ಕೋಣೆ, ನೂರಾರು ಟಿವಿ, ಎಲ್ಲಕ್ಕೂ ಒಂದೇ ವೈಫೈ. ಅಲ್ಲಿ ಒಬ್ಬ ಅತಿಥಿಯ ಸಾಧನ ಇನ್ನೊಬ್ಬರದನ್ನು ನೋಡಬಾರದೆಂದು ವೈಫೈಯಲ್ಲೇ ಪ್ರತಿ ಫೋನನ್ನೂ ಒಂಟಿಯಾಗಿಸಿರುತ್ತಾರೆ. ರೌಟರ್‌ಗಳಲ್ಲಿ ಇದಕ್ಕೆ AP Isolation ಎಂಬ ಹೆಸರಿರುತ್ತದೆ. ಇದು ಚಾಲೂ ಇದ್ದರೆ ಸೇರಿದ ವೈಫೈ ಒಂದೇ, ಪಡೆದ ವಿಳಾಸದ ಮೊದಲ ಮೂರು ಭಾಗವೂ ಒಂದೇ, ಆದರೂ ಯಾರ ಕೂಗೂ ಯಾರಿಗೂ ಕೇಳದು. ಸ್ವಂತ ಕ್ರೋಮ್‌ಕಾಸ್ಟ್ ತೆಗೆದುಕೊಂಡು ಹೋಗಿ ಹೋಟೆಲ್ ಟಿವಿಗೆ ಸಿಕ್ಕಿಸಿದವರಿಗೆ ಇದು ಮೊದಲ ಅಡ್ಡಗೋಡೆ. ಕೋಣೆ ಸಂಖ್ಯೆ, ಹೆಸರು ಕೇಳುವ ಲಾಗಿನ್ ಪುಟ ಎರಡನೆಯದು, ಅದನ್ನು ತುಂಬಲು ಹಳೆಯ ಕ್ರೋಮ್‌ಕಾಸ್ಟ್‌ನಲ್ಲಿ ಬ್ರೌಸರ್ ಇಲ್ಲ. ಹೋಟೆಲಿನವರು ಒಂಟಿಯಾಗಿಸುವುದನ್ನು ಸುಮ್ಮನೆ ತೆಗೆದುಹಾಕಿದರೂ ಕಷ್ಟ. ಆಗ ಪ್ರತಿ ಫೋನಿನಲ್ಲೂ ಎಲ್ಲ ಕೋಣೆಗಳ ಟಿವಿಯ ಹೆಸರು ಮೂಡಿ, ಮೂರನೇ ಮಹಡಿಯ ಮಗು ಐದನೇ ಮಹಡಿಯವರ ಟಿವಿಯಲ್ಲಿ ಕಾರ್ಟೂನ್ ಹಾಕೀತು.

ಕಾಸ್ಟ್ ಸೌಲಭ್ಯ ಕೊಡುವ ಹೋಟೆಲುಗಳು ನಡುವೆ ಒಂದು ಮಧ್ಯವರ್ತಿ ಯಂತ್ರ ಇಟ್ಟುಕೊಳ್ಳುತ್ತವೆ. ಟಿವಿಗಳೆಲ್ಲ ಬೇರೆಯದೇ ನೆಟ್‌ವರ್ಕಿನಲ್ಲಿರುತ್ತವೆ, ಅತಿಥಿಗಳ ಫೋನುಗಳು ಇನ್ನೊಂದರಲ್ಲಿ. ಕೋಣೆಯ ಟಿವಿಯಲ್ಲಿ ಕ್ಯೂಆರ್ ಕೋಡ್ ಕಾಣುತ್ತದೆ, ಅತಿಥಿ ಅದನ್ನು ಸ್ಕ್ಯಾನ್ ಮಾಡಿದಾಗ ಈ ಫೋನು ಈ ಕೋಣೆಯದು ಎಂದು ಮಧ್ಯವರ್ತಿ ದಾಖಲಿಸಿಕೊಳ್ಳುತ್ತದೆ. ಬಳಿಕ ಫೋನು ಎಂದಿನಂತೆ ಕೂಗುತ್ತದೆ, ಮಧ್ಯವರ್ತಿ ಆ ಕೂಗನ್ನು ಕೇಳಿಸಿಕೊಂಡು ಆ ಒಂದು ಕೋಣೆಯ ಟಿವಿಯ ಉತ್ತರವನ್ನಷ್ಟೇ ತಂದುಕೊಡುತ್ತದೆ. ಫೋನಿನ ಮಟ್ಟಿಗೆ ತಾನೂ ಟಿವಿಯೂ ಒಂದೇ ಮನೆಯಲ್ಲಿವೆ. ಅತಿಥಿ ಕೋಣೆ ತೆರವು ಮಾಡಿದಾಗ ಹೋಟೆಲಿನ ಬಿಲ್ಲಿಂಗ್ ವ್ಯವಸ್ಥೆಯಿಂದ ಮಧ್ಯವರ್ತಿಗೆ ಸುದ್ದಿ ಹೋಗಿ ಆ ಜೋಡಣೆ ಅಳಿಯುವಂತೆ ಏರ್ಪಾಡು ಮಾಡಿರುತ್ತಾರೆ. ಅಂಥ ಏರ್ಪಾಡಿಲ್ಲದ ಹೋಟೆಲಿನಲ್ಲಿ, ಮತ್ತು ಟಿವಿಯಲ್ಲೇ ಲಾಗಿನ್ ಆಗಿ ನೋಡಿದ ಆ್ಯಪುಗಳಲ್ಲಿ, ಹೊರಡುವ ಮುನ್ನ ಸೈನ್ ಔಟ್ ಮಾಡುವ ಕೆಲಸ ಅತಿಥಿಯದೇ. ಕಾಸ್ಟ್ ಮಾಡಿ ನೋಡಿದ್ದರೆ ಖಾತೆಯ ಪಾಸ್‌ವರ್ಡ್ ಟಿವಿಯಲ್ಲಿ ಒತ್ತಿರುವುದೇ ಇಲ್ಲವಾದ್ದರಿಂದ ಆ ಚಿಂತೆ ಅಷ್ಟಿಲ್ಲ.